ನಾಲ್ಕು ಜನರ ಟ್ಯಾಕ್ಸ್ ಆಫೀಸಿಗೆ ‘ಕೆಲಸ ನಿಲ್ಲದಂತೆ ಏನು ಏರ್ಪಾಡು’ ಅಂತ ಬರೆಯಬೇಕು – ಕರೆಂಟು, ಮುಖ್ಯ ವ್ಯಕ್ತಿ, ಡೇಟಾ

ಬದಿಯಡ್ಕ ಲೆಕ್ಕ
ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಆಫೀಸು, ಲೆಕ್ಕ ಬರೆಯುವುದು, ಜಿಎಸ್‌ಟಿ, ಟಿಡಿಎಸ್, ಇನ್‌ಕಮ್ ಟ್ಯಾಕ್ಸ್ ಇಷ್ಟೇ ಕೆಲಸ. ನನ್ನನ್ನು ಸೇರಿಸಿ ನಾಲ್ಕು ಜನ, ನಾಲ್ಕು ಡೆಸ್ಕ್‌ಟಾಪು. ಅದರಲ್ಲಿ ಒಂದರಲ್ಲಿ ಟ್ಯಾಲಿ ಡೇಟಾ ಇದೆ, ಉಳಿದ ಮೂರು ಅದಕ್ಕೇ ಸೇರಿಕೊಂಡಿವೆ. ಪಾರ್ಟಿಗಳು ಸುಮಾರು 70, ಅದರಲ್ಲಿ ತಿಂಗಳು ತಿಂಗಳು ರಿಟರ್ನ್ ಹಾಕುವವರು 40. ಹೆಚ್ಚಿನವರು ಅಡಿಕೆ ವ್ಯಾಪಾರದವರು, ಕೆಲವರು ಗೋಡಂಬಿ, ಕೆಲವರು ಹಾರ್ಡ್‌ವೇರ್.

ಈಗ ಒಬ್ಬ ದೊಡ್ಡ ಪಾರ್ಟಿ ಮುಂದಿನ ವರ್ಷದ ಕರಾರಿನ ಜೊತೆ ಎರಡು ಪುಟ ಬರೆದು ಕೊಡಿ ಅಂದಿದ್ದಾರೆ. ಕರೆಂಟು ಹೋದರೆ, ಮುಖ್ಯ ವ್ಯಕ್ತಿ ಇಲ್ಲದಾದರೆ, ಡೇಟಾ ಹೋದರೆ ನಮ್ಮ ಕೆಲಸ ಹೇಗೆ ನಡೆಸುತ್ತೀರಿ ಅಂತ. ನೆಟ್ಟಲ್ಲಿ ಸಿಗುವ ಮಾದರಿಗಳಲ್ಲಿ ‘ಬಿಕ್ಕಟ್ಟು ನಿರ್ವಹಣಾ ಸಮಿತಿ’, ‘ಪರ್ಯಾಯ ಕಾರ್ಯಸ್ಥಳ’ ಅಂತೆಲ್ಲ ಇದೆ. ನಾಲ್ಕು ಜನರಲ್ಲಿ ಸಮಿತಿ ಎಲ್ಲಿಂದ ಮಾಡುವುದು? ಇನ್ವರ್ಟರ್ ಇದೆ, ದಿನಾ ಬ್ಯಾಕಪ್ ತೆಗೆಯುತ್ತೇವೆ. ಮುಖ್ಯ ವ್ಯಕ್ತಿ ಅಂದರೆ ನಮ್ಮ ಹಿರಿಯ ಅಕ್ಕೌಂಟೆಂಟ್ ಅಕ್ಕ, ಅವರಿಗೆ ಎಲ್ಲ ಪಾರ್ಟಿಗಳ ಜಾತಕ ಗೊತ್ತು. ಇದನ್ನೇ ಸ್ವಲ್ಪ ಚಂದ ಮಾಡಿ ಬರೆದರೆ ಸಾಕಾ, ಇನ್ನೇನಾದರೂ ಬೇಕಾ?

ಬ್ಯಾಟರಿ ಅಂಗಡಿ, ಮುಳ್ಳೇರಿಯ
ಇದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದು ಏನಿದೆ ಮಾರಾಯ್ರೇ. 150 ಎಎಚ್ ಬ್ಯಾಟರಿ ಎರಡು ಹಾಕಿ, ಹಿಂದುಗಡೆ ಒಂದು ಸಣ್ಣ ಜನರೇಟರ್ ಇಡಿ. ಮಳೆಗಾಲ ಪೂರ್ತಿ ಕರೆಂಟಿನ ಚಿಂತೆ ಇಲ್ಲ. ಕರೆಂಟಿದ್ದರೆ ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆ.

ಕಾಸರಗೋಡು ಅಕ್ಕ
ನಾನು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಇದ್ದವಳು, ಈಗ ಇಂಥ ಸಣ್ಣ ಆಫೀಸುಗಳ ವ್ಯವಸ್ಥೆ ನೋಡಿಕೊಡುತ್ತೇನೆ. ಬ್ಯಾಟರಿಯಿಂದ ಶುರು ಮಾಡಬೇಡಿ ಅಣ್ಣ. ನಿಮ್ಮ ಯಾವ ಕೆಲಸ ಎಷ್ಟು ಹೊತ್ತು ನಿಂತರೆ ಪಾರ್ಟಿಗೆ ನಷ್ಟ ಅಂತ ಮೊದಲು ನೋಡಿ. ಅದು ಗೊತ್ತಾದ ಮೇಲೆ ಎಷ್ಟು ಬ್ಯಾಟರಿ, ಎಷ್ಟು ಬ್ಯಾಕಪ್ ಅಂತ ತಾನಾಗಿ ಗೊತ್ತಾಗುತ್ತದೆ.

ನಿಮ್ಮಲ್ಲಿ ಅಡಿಕೆಯವರು ಜಾಸ್ತಿ ಅಂದಿರಿ. ಅವರಿಗೆ ಎಲ್ಲಕ್ಕಿಂತ ಅವಸರದ್ದು ಇ-ವೇ ಬಿಲ್. ಲಾರಿ ಲೋಡಾಗಿ ನಿಂತಿರುತ್ತದೆ, 50,000 ರೂಪಾಯಿಗಿಂತ ಜಾಸ್ತಿ ಮಾಲು, ಬಿಲ್ ಆಗದೆ ಹೊರಡುವ ಹಾಗಿಲ್ಲ. ಇಲ್ಲಿ ಒಂದು ಗಂಟೆಯೇ ಜಾಸ್ತಿ.

ಆಮೇಲೆ ಜಿಎಸ್‌ಟಿಆರ್-1, ಮಾರಾಟದ ಬಿಲ್ಲುಗಳ ರಿಟರ್ನ್. ಎಲ್ಲರೂ 20ನೇ ತಾರೀಕಿನ 3ಬಿಗೆ ಹೆದರುತ್ತಾರೆ, ಹೆದರಬೇಕಾದ್ದು 11ಕ್ಕೆ. ಲೆಕ್ಕ ಹಾಕಿ ನೋಡಿ. 3ಬಿ ಒಂದು ದಿನ ತಡವಾದರೆ ಒಬ್ಬರಿಗೆ 50 ರೂಪಾಯಿ ದಂಡ, ಟ್ಯಾಕ್ಸ್ ನಗದಾಗಿ ಕಟ್ಟಲಿಕ್ಕಿದ್ದರೆ ಅದಕ್ಕೆ ವರ್ಷಕ್ಕೆ 18% ಲೆಕ್ಕದಲ್ಲಿ ಒಂದು ದಿನದ ಬಡ್ಡಿ. ನಿಮ್ಮ 40 ಜನರದ್ದೂ ತಡವಾಯಿತು ಅಂತಲೇ ಇಟ್ಟುಕೊಳ್ಳಿ, ದಂಡ 2,000 ರೂಪಾಯಿ. ನೀವೇ ಕೈಯಿಂದ ಕಟ್ಟಿ ಮುಗಿಸಬಹುದು. ಆದರೆ ಜಿಎಸ್‌ಟಿಆರ್-1 11ರ ರಾತ್ರಿ ಆಗದೆ 12ಕ್ಕೆ ಆಯಿತು ಅಂದರೆ, ಆ ಬಿಲ್ಲುಗಳು ಕೊಂಡವರ ಈ ತಿಂಗಳ ಕ್ರೆಡಿಟ್ ಪಟ್ಟಿ 2ಬಿಗೆ ಬರುವುದೇ ಇಲ್ಲ, ಮುಂದಿನ ತಿಂಗಳಿಗೆ ಹೋಗುತ್ತವೆ. 20 ಲಕ್ಷದ ಅಡಿಕೆಗೆ 5% ಅಂದರೆ 1 ಲಕ್ಷ ಟ್ಯಾಕ್ಸ್. ಕೊಂಡವನಿಗೆ ಆ 1 ಲಕ್ಷದ ಕ್ರೆಡಿಟ್ ಒಂದು ತಿಂಗಳು ತಡ. ಅವನು ನಿಮ್ಮ ಪಾರ್ಟಿಯ ಪೇಮೆಂಟಿನಲ್ಲಿ ಅಷ್ಟು ಹಿಡಿದಿಟ್ಟುಕೊಳ್ಳುತ್ತಾನೆ. ಪಾರ್ಟಿ ನಿಮ್ಮ ಮೇಲೆ ಸಿಟ್ಟು ಮಾಡುವುದು ಈ 1 ಲಕ್ಷಕ್ಕೆ, ದಂಡದ 50 ರೂಪಾಯಿಗೆ ಅಲ್ಲ.

ಹಾಗಾಗಿ ಮೊದಲ ಪುಟದಲ್ಲಿ ಇಷ್ಟು ಬರೆಯಿರಿ: ಇ-ವೇ ಬಿಲ್ ಒಂದು ಗಂಟೆ, 10 ಮತ್ತು 11ರಂದು ಜಿಎಸ್‌ಟಿಆರ್-1 ನಾಲ್ಕು ಗಂಟೆ, 7ರ ಟಿಡಿಎಸ್ ಮತ್ತು 20ರ 3ಬಿ ಅರ್ಧ ದಿನ, ಉಳಿದದ್ದು ಎರಡು ದಿನ. 27ನೇ ತಾರೀಕು ಇಡೀ ದಿನ ಕರೆಂಟಿಲ್ಲದಿದ್ದರೆ, ಇ-ವೇ ಬಿಲ್ ಕೆಲಸ ಇಲ್ಲದಿದ್ದರೆ, ಶಟರ್ ಎಳೆದು ಮನೆಗೆ ಹೋಗಿ, ಏನೂ ಆಗುವುದಿಲ್ಲ.

ಬದಿಯಡ್ಕ ಲೆಕ್ಕ
ಅಕ್ಕ, ಇದು ಉಪಯೋಗ ಆಯಿತು. 11ರ ವಿಷಯ ಗೊತ್ತಿತ್ತು, ಆದರೆ ಕರೆಂಟಿನ ಜೊತೆ ಇಟ್ಟು ನೋಡಿರಲಿಲ್ಲ. ಇ-ವೇ ಬಿಲ್ ಒಂದು ಗಂಟೆ ಅಂದರೆ ಇನ್ವರ್ಟರ್ ಇನ್ನೂ ದೊಡ್ಡದು ಬೇಕು ಅಂತಲಾ?

ಕಾಸರಗೋಡು ಅಕ್ಕ
ಇಲ್ಲ. ಅತಿ ಅವಸರದ ಕೆಲಸಕ್ಕೇ ಅತಿ ಕಡಿಮೆ ಕರೆಂಟು ಸಾಕು. ಇ-ವೇ ಬಿಲ್ಲನ್ನು ಮೊಬೈಲಿನಲ್ಲೇ ಮಾಡಬಹುದು. ಚಾರ್ಜ್ ಇರುವ ಫೋನು, ಒಂದು ಪವರ್ ಬ್ಯಾಂಕ್, ಎರಡು ಬೇರೆ ಬೇರೆ ಕಂಪನಿಯ ಸಿಮ್, ಮುಗಿಯಿತು. ತೊಡಕು ಕರೆಂಟಿನದ್ದಲ್ಲ, ಒಟಿಪಿದು. 2025ರ ಏಪ್ರಿಲ್ 1ರಿಂದ ಆ ಪೋರ್ಟಲ್ಲಿಗೆ ಎಲ್ಲರೂ ಒಟಿಪಿ ಕೊಟ್ಟೇ ಒಳಗೆ ಹೋಗಬೇಕು. ನಿಮ್ಮ ಪಾರ್ಟಿಗಳ ಇ-ವೇ ಬಿಲ್ ಒಟಿಪಿ ಈಗ ಯಾರ ಫೋನಿಗೆ ಬರುತ್ತದೆ?

ಬದಿಯಡ್ಕ ಲೆಕ್ಕ
ಕೆಲವು ನನ್ನ ಫೋನಿಗೆ, ಕೆಲವು ನಮ್ಮ ಅಕ್ಕನ ಫೋನಿಗೆ. ಪಾರ್ಟಿಗಳದ್ದೇ ನಂಬರ್ ಇರುವುದು ಅರ್ಧಕ್ಕಿಂತ ಕಡಿಮೆ. ಅವರು ತೋಟದಲ್ಲಿ ಇರುತ್ತಾರೆ, ರೇಂಜ್ ಇಲ್ಲ, ಅದಕ್ಕೆ ಹಾಗೆ ಮಾಡಿದ್ದು.

ಕಾಸರಗೋಡು ಅಕ್ಕ
ಹಾಗಾದರೆ ನಿಮ್ಮ ಮುಖ್ಯ ವ್ಯಕ್ತಿಯ ವಿಷಯ ಅಲ್ಲೇ ಇದೆ. ಅದಕ್ಕೆ ಆಮೇಲೆ ಬರೋಣ, ಮೊದಲು ಕರೆಂಟು ಮುಗಿಸಿಬಿಡುವ.

ಬ್ಯಾಟರಿ ಅಂಗಡಿ, ಮುಳ್ಳೇರಿಯ
ಅಕ್ಕ ನನ್ನ ವ್ಯಾಪಾರ ಹಾಳು ಮಾಡಿದರು 😀 ಆದರೂ ಹೇಳುತ್ತೇನೆ, ಒಂದು 150 ಎಎಚ್ ಬ್ಯಾಟರಿ ಅಂದರೆ 12 ವೋಲ್ಟಿಗೆ 1,800 ವ್ಯಾಟ್-ಗಂಟೆ. ನಾಲ್ಕು ಕಂಪ್ಯೂಟರಿಗೆ 400 ವ್ಯಾಟ್ ಹಿಡಿದರೂ ನಾಲ್ಕೂವರೆ ಗಂಟೆ ಬರುತ್ತದೆ.

ಕಾಸರಗೋಡು ಅಕ್ಕ
ಕಾಗದದ ಮೇಲೆ ಬರುತ್ತದೆ ಅಣ್ಣ. ಇನ್ವರ್ಟರಿನಲ್ಲೇ ಸ್ವಲ್ಪ ಹೋಗುತ್ತದೆ, ಲೆಡ್ ಬ್ಯಾಟರಿಯನ್ನು ತಳದವರೆಗೆ ಖಾಲಿ ಮಾಡಿದರೆ ಅದರ ಆಯುಸ್ಸು ಹೋಗುತ್ತದೆ, ಜಾಸ್ತಿ ಲೋಡಿನಲ್ಲಿ ಎಳೆದರೆ ಬರೆದಷ್ಟು ಕೊಡುವುದೂ ಇಲ್ಲ. ಹೊಸ ಬ್ಯಾಟರಿಯಿಂದ 1,000, 1,100 ವ್ಯಾಟ್-ಗಂಟೆ ನಂಬಬಹುದು. ಅಂದರೆ 400 ವ್ಯಾಟಿಗೆ ಎರಡೂವರೆ ಗಂಟೆ. ಮೂರು ನಾಲ್ಕು ವರ್ಷದ ಬ್ಯಾಟರಿಯಾದರೆ ಅದೂ ಇಲ್ಲ.

ಇನ್ನೊಂದು ಬ್ಯಾಟರಿ ಕೊಳ್ಳುವ ಬದಲು ಲೋಡ್ ಇಳಿಸಿ. ಕರೆಂಟು ಹೋದ ಕೂಡಲೇ ಟ್ಯಾಲಿ ಇರುವ ಮೆಷಿನು, ಉಳಿದ ಡೆಸ್ಕ್‌ಟಾಪುಗಳ ಬದಲು ಎರಡು ಲ್ಯಾಪ್‌ಟಾಪು, ರೌಟರ್, ಇಷ್ಟೇ. 100, ಮತ್ತೆ 50 ಎರಡು ಸಲ, 15. ಒಟ್ಟು 215 ವ್ಯಾಟ್. ಅದೇ ಬ್ಯಾಟರಿಯಲ್ಲಿ ಸುಮಾರು ಐದು ಗಂಟೆ. ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇರುವುದರಿಂದ ಇನ್ನೂ ಸ್ವಲ್ಪ ಹೆಚ್ಚೇ. ಲೇಸರ್ ಪ್ರಿಂಟರನ್ನು ಮಾತ್ರ ಇನ್ವರ್ಟರ್ ಲೈನಿಂದ ತೆಗೆದುಬಿಡಿ. ಬಿಸಿಯಾಗುವಾಗ ಅದು ಒಂದೇ ಸಲ ನೂರಾರು ವ್ಯಾಟ್ ಎಳೆಯುತ್ತದೆ, ಇನ್ವರ್ಟರ್ ಓವರ್‌ಲೋಡ್ ಅಂತ ಕೂಗಿ ಆಫ್ ಆಗುತ್ತದೆ, ಜೊತೆಗೆ ಟ್ಯಾಲಿ ಮೆಷಿನ್ ಕೂಡ.

ಎರಡನೇ ದಿನದ ಲೆಕ್ಕ ಯಾರೂ ಹಾಕುವುದಿಲ್ಲ. ಖಾಲಿಯಾದ 150 ಎಎಚ್ ಬ್ಯಾಟರಿ ತುಂಬಲಿಕ್ಕೆ ಹತ್ತು ಹನ್ನೆರಡು ಗಂಟೆ ಕರೆಂಟು ಬೇಕು. ಜೂನ್ ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದು ರಾತ್ರಿ ಎರಡು ಗಂಟೆ ಹೊತ್ತು ಮಾತ್ರ ಕರೆಂಟು ಬಂದು ಮತ್ತೆ ಹೋದರೆ, ಮರುದಿನ ನಿಮ್ಮ ಐದು ಗಂಟೆ ಒಂದು ಗಂಟೆ ಆಗಿರುತ್ತದೆ. ಹಾಗಾಗಿ ಪ್ಲಾನಿನಲ್ಲಿ ‘ಎರಡನೇ ದಿನ ಬೆಳಗ್ಗೆ ಒಂಬತ್ತಕ್ಕೆ ಕರೆಂಟಿಲ್ಲದಿದ್ದರೆ ಬೇರೆ ಜಾಗಕ್ಕೆ’ ಅಂತ ಒಂದು ಸಾಲು ಬೇಕು.

ಉಪ್ಪಳ ಸರ್ವಿಸ್
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮನೆ ಇನ್ವರ್ಟರಿನಲ್ಲಿ ಹೆಚ್ಚಾಗಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಕೆಲವದರಲ್ಲಿ ಹಿಂಬದಿಯಲ್ಲಿ. ನಾರ್ಮಲ್‌ನಲ್ಲಿ ಇದ್ದರೆ ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಫ್ಯಾನು ಲೈಟಿಗೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂತ ಕಾಣುತ್ತದೆ. ನಾಲ್ಕು ಜನ ಎಂಟ್ರಿ ಹಾಕುತ್ತಿರುವಾಗ ಡೇಟಾ ಇರುವ ಮೆಷಿನ್ ಹೀಗೆ ಬಿದ್ದರೆ ಕಂಪನಿ ಓಪನ್ ಆಗದೆ ರಿಪೇರಿ ಕೇಳುತ್ತದೆ. ನನ್ನ ಹತ್ತಿರ ಬರುವ ಟ್ಯಾಲಿ ಕೇಸುಗಳಲ್ಲಿ ಜಾಸ್ತಿ ಇಂಥವೇ. ಆ ಒಂದು ಮೆಷಿನಿಗೆ ಮಾತ್ರ ಪ್ರತ್ಯೇಕ 600 ವಿಎ ಯುಪಿಎಸ್ ಇಟ್ಟುಬಿಡಿ, ಇನ್ವರ್ಟರ್ ಹಿಂದೆ ಇದ್ದರೂ. ಹತ್ತು ನಿಮಿಷ ಸಿಕ್ಕಿದರೂ ಸರಿಯಾಗಿ ಕ್ಲೋಸ್ ಮಾಡಬಹುದು.

ತುಲಾಮಾಸದ ಸಿಡಿಲಿಗೆ ಯುಪಿಎಸ್ಸೂ ಇಲ್ಲ, ಇನ್ವರ್ಟರೂ ಇಲ್ಲ. ಅಕ್ಟೋಬರ್ ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಶುರುವಾದರೆ ಪ್ಲಗ್ ತೆಗೆಯುವುದೊಂದೇ ದಾರಿ. ಫೈಬರ್ ವಯರಲ್ಲಿ ಸಿಡಿಲು ಬರುವುದಿಲ್ಲ ಅಂತ ಧೈರ್ಯ ಮಾಡುತ್ತಾರೆ. ವಯರಲ್ಲಿ ಬರುವುದಿಲ್ಲ ಸರಿ, ರೌಟರಿನ ಅಡಾಪ್ಟರಲ್ಲಿ ಬರುತ್ತದೆ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ನಾಲ್ಕೂ ಮೆಷಿನಿಗೆ ಹೋಗುತ್ತದೆ. ಲ್ಯಾನ್ ಕೇಬಲನ್ನೂ ತೆಗೆಯಬೇಕು.

ಬದಿಯಡ್ಕ ಲೆಕ್ಕ
ಬೇರೆ ಜಾಗ ಅಂದರೆ ನನಗೆ ತೋಚುವುದು ಅಡ್ಯನಡ್ಕದಲ್ಲಿ ಭಾವನ ಮನೆ. ಅದು ಕರ್ನಾಟಕ, ಮೆಸ್ಕಾಂ ಕರೆಂಟು. ಇಲ್ಲಿ ಹೋದರೂ ಅಲ್ಲಿ ಇರಬಹುದಲ್ವಾ?

ಪೆರ್ಲ ಸರ್ವೆ
ನಾವು ಪೆರ್ಲದವರು ಹಾಗೆ ಮಾಡುವುದುಂಟು. ಲೈನ್ ಬೇರೆ, ಸಬ್‌ಸ್ಟೇಷನ್ ಬೇರೆ. ಆದರೆ ಗಾಳಿ ಮಳೆ ಗಡಿ ನೋಡಿ ಬರುವುದಿಲ್ಲ. ದೊಡ್ಡ ಗಾಳಿಗೆ ಎರಡೂ ಕಡೆ ಒಟ್ಟಿಗೇ ಹೋಗುತ್ತದೆ.

ಕಾಸರಗೋಡು ಅಕ್ಕ
ಎರಡೂ ಸರಿ. ಇಲ್ಲಿಯ ಲೈನ್ ಕೆಲಸಕ್ಕೆ, ಟ್ರಾನ್ಸ್‌ಫಾರ್ಮರ್ ಹೋದದ್ದಕ್ಕೆ ಅಡ್ಯನಡ್ಕ ಒಳ್ಳೆಯದು. ಗಾಳಿಮಳೆಗೆ ಕಾಸರಗೋಡು ಪೇಟೆಯಲ್ಲೋ ಮಂಗಳೂರಿನಲ್ಲೋ ಕೂತು ಕೆಲಸ ಮಾಡುವ ಒಂದು ಜಾಗ ಮಾತಾಡಿಟ್ಟುಕೊಳ್ಳಿ. 10, 11ನೇ ತಾರೀಕಿಗೆ ಮಾತ್ರ ಬೇಕಾದ್ದು, ತಿಂಗಳ ಬಾಡಿಗೆ ಬೇಡ. ಮೊಬೈಲ್ ಟವರನ್ನೂ ಪೂರ್ತಿ ನಂಬಬೇಡಿ, ಅದಕ್ಕೂ ಬ್ಯಾಟರಿಯೇ. ದೀರ್ಘ ಹೊತ್ತು ಕರೆಂಟಿಲ್ಲದಿದ್ದರೆ ರೇಂಜ್ ಕೂಡ ಹೋಗುತ್ತದೆ. ಕೆಎಸ್‌ಇಬಿಯ 1912 ಮತ್ತು ನಿಮ್ಮ ಸೆಕ್ಷನ್ ಆಫೀಸಿನ ನಂಬರ್ ಗೋಡೆಗೆ ಅಂಟಿಸಿ. ಮಧ್ಯಾಹ್ನದೊಳಗೆ ಬರುತ್ತದಾ ಇಲ್ಲವಾ ಅಂತ ಕೇಳಿದರೆ, ಹೊರಡುವುದಾ ಕಾಯುವುದಾ ಅಂತ ತೀರ್ಮಾನ ಮಾಡಬಹುದು.

ಪಾಲಿಸಿ ರೈ
ಮುಖ್ಯ ವ್ಯಕ್ತಿ ಹೋದರೆ ಅಂತ ಓದಿದೆ. ಇದಕ್ಕೆ ಕೀಮ್ಯಾನ್ ಇನ್ಶೂರೆನ್ಸ್ ಅಂತಲೇ ಇದೆ. ಆಫೀಸೇ ಪ್ರೀಮಿಯಂ ಕಟ್ಟುವುದು, ಆ ವ್ಯಕ್ತಿಗೆ ಏನಾದರೂ ಆದರೆ ಆಫೀಸಿಗೆ ದುಡ್ಡು ಬರುತ್ತದೆ. ನಿಮ್ಮ ಅಕ್ಕನ ವಯಸ್ಸು ಎಷ್ಟು? ನಾನು ಲೆಕ್ಕ ಹಾಕಿ ಕೊಡುತ್ತೇನೆ.

ಬದಿಯಡ್ಕ ಲೆಕ್ಕ
ರೈಗಳೇ, ಅಕ್ಕ ಗಟ್ಟಿಮುಟ್ಟಾಗಿ ಇದ್ದಾರೆ. ಪಾರ್ಟಿ ಕೇಳಿದ್ದು ಅವರು ಇಲ್ಲದ ದಿನ ರಿಟರ್ನ್ ಯಾರು ಹಾಕುವುದು ಅಂತ.

ಪೆರ್ಲ ಸರ್ವೆ
ಇಲ್ಲಿ ನಮ್ಮ ಮನೆಯ ವಿಷಯ ಹೇಳಬೇಕು. ನನ್ನ ಅಣ್ಣನದ್ದು ಜಾಗ ಸರ್ವೆ ಮಾಡಿ ಪ್ಲಾನ್ ಹಾಕಿಕೊಡುವ ಆಫೀಸು, ಅವನೇ ಯಜಮಾನ, ಇಬ್ಬರು ಹುಡುಗರು. ಅವನಿಗೆ ಸ್ಟ್ರೋಕ್ ಆಯಿತು. ಮಾತಿಲ್ಲ, ಬಲಗೈ ಇಲ್ಲ. ಹುಡುಗರಿಗೆ ಕೆಲಸ ಎಲ್ಲ ಗೊತ್ತಿತ್ತು. ಆದರೆ ಫೋನಿನ ಲಾಕ್ ಅವನ ಬೆರಳಿಗೆ, ಪಿನ್ ಅವನ ತಲೆಯಲ್ಲಿ. ಬೆರಳಿಟ್ಟರೆ ತೆರೆಯುತ್ತಿತ್ತು, ಫೋನ್ ಒಮ್ಮೆ ಚಾರ್ಜ್ ಮುಗಿದು ಆಫ್ ಆಗಿ ಆನ್ ಆದ ಮೇಲೆ ಪಿನ್ ಕೇಳಿತು, ಅಲ್ಲಿಗೆ ಮುಗಿಯಿತು. ಇಮೇಲ್ ಅದರಲ್ಲಿ, ಬ್ಯಾಂಕ್ ಅದರಲ್ಲಿ, ಹುಡುಗರ ಸಂಬಳ ಅದರಲ್ಲಿ. ಬ್ಯಾಂಕಿನಲ್ಲಿ ಕೇಳಿದರೆ ಖಾತೆದಾರರು ಇದ್ದಾರೆ, ಅವರೇ ಸಹಿ ಹಾಕಬೇಕು ಅಂದರು. ಪವರ್ ಆಫ್ ಅಟಾರ್ನಿ ಮಾಡೋಣ ಅಂದರೆ, ಅರ್ಥ ಮಾಡಿಕೊಂಡು ಸಹಿ ಹಾಕುವ ಸ್ಥಿತಿಯಲ್ಲಿ ಅವನಿಲ್ಲ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗಲಿಲ್ಲ. ತೀರಿಹೋದವರಿಗೆ ಕಾನೂನಿನಲ್ಲಿ ಒಂದು ದಾರಿ ಇದೆ. ಹೀಗೆ ಮಲಗಿದವರಿಗೆ ಮನೆಯವರು ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗುವುದಿಲ್ಲ.

ಕಾಸರಗೋಡು ಅಕ್ಕ
ತುಂಬ ಬೇಸರದ ವಿಷಯ. ನೀವು ಹೇಳಿದ ಈ ಸ್ಥಿತಿಯೇ ಎಲ್ಲಕ್ಕಿಂತ ಕಷ್ಟದ್ದು, ಪ್ಲಾನ್ ಬರೆಯುವವರು ಇದನ್ನೇ ಬಿಟ್ಟುಬಿಡುತ್ತಾರೆ. ಕೋಮಾದಲ್ಲಿ ಇರುವವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆದರೆ ಅದು ಕೋರ್ಟಿನ ದಾರಿ, 11ನೇ ತಾರೀಕು ಅದಕ್ಕೆ ಕಾಯುವುದಿಲ್ಲ.

ಬದಿಯಡ್ಕದ ಅಣ್ಣ, ಈಗ ನಿಮಗೆ. ಆಫೀಸು ಯಾರ ಹೆಸರಲ್ಲಿದೆ?

ಬದಿಯಡ್ಕ ಲೆಕ್ಕ
ನನ್ನ ಹೆಸರಲ್ಲೇ, ಪ್ರೊಪ್ರೈಟರ್. ಕರೆಂಟ್ ಅಕೌಂಟೂ ನನ್ನದೇ.

ಕಾಸರಗೋಡು ಅಕ್ಕ
ಹಾಗಾದರೆ ನಿಮ್ಮ ಆಫೀಸಿನ ಮೊದಲ ಮುಖ್ಯ ವ್ಯಕ್ತಿ ನೀವು, ನಿಮ್ಮ ಅಕ್ಕೌಂಟೆಂಟ್ ಅಕ್ಕ ಎರಡನೆಯವರು. ಎರಡಕ್ಕೂ ಬರೆಯಬೇಕಾದ್ದು ಬೇರೆ ಬೇರೆ.

ಅಕ್ಕ ಕೆಲಸ ಬಿಟ್ಟರೆ ಒಂದು ತಿಂಗಳ ಸಮಯ ಸಿಗುತ್ತದೆ. ಅವರಿಗೆ ಗೊತ್ತಿರುವ ವಿಷಯ ಬರೆಸಿಕೊಳ್ಳಬಹುದು. ಯಾವ ಪಾರ್ಟಿ ಬಿಲ್ಲನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಯಾರು ಬುಕ್ ಕಳಿಸುತ್ತಾರೆ, ಯಾರಿಗೆ ಎರಡು ಸಲ ಫೋನ್ ಮಾಡಬೇಕು, ಇಂಥದ್ದು. ಒಬ್ಬೊಬ್ಬ ಪಾರ್ಟಿಗೆ ಅರ್ಧ ಪುಟ ಸಾಕು. ಪರೀಕ್ಷೆ ಸುಲಭ: 10ನೇ ತಾರೀಕು ಅಲ್ಲದ ಯಾವುದಾದರೂ ಒಂದು ವಾರ ಅವರಿಗೆ ರಜೆ ಕೊಡಿ, ಫೋನ್ ಮಾಡಬಾರದು ಅಂತ ಎಲ್ಲರಿಗೂ ಹೇಳಿ. ಎಲ್ಲಿ ಕೆಲಸ ನಿಂತಿತೋ ಅದನ್ನು ಬರೆದಿಡಿ.

ಒಟಿಪಿ ಮಾತ್ರ ಬರೆದು ಕೊಟ್ಟರೆ ಆಗುವುದಿಲ್ಲ. ನಾಳೆಯೇ ಒಂದು ಪಟ್ಟಿ ಮಾಡಿ, 70 ಪಾರ್ಟಿಗೂ. ಪೋರ್ಟಲ್ ಯಾವುದು, ಒಟಿಪಿ ಯಾವ ನಂಬರಿಗೆ, ಯಾವ ಇಮೇಲಿಗೆ, ಆ ಸಿಮ್ ಯಾರ ಹೆಸರಲ್ಲಿದೆ. ಈ ಕೊನೆಯದು ಮುಖ್ಯ. ಅಕ್ಕ ಬಿಟ್ಟು ಹೋಗುವಾಗ ಸಿಮ್ ಅವರದ್ದೇ ಆಗಿದ್ದರೆ ನೀವು ಕೇಳುವ ಹಾಗಿಲ್ಲ. ಇ-ವೇ ಬಿಲ್ಲಿಗೆ ಪಾರ್ಟಿಯ ಲಾಗಿನ್ ಒಳಗೇ ಸಬ್ ಯೂಸರ್ ಮಾಡಬಹುದು. ಪ್ರತಿ ಸಬ್ ಯೂಸರಿಗೆ ಅವರದ್ದೇ ಮೊಬೈಲ್, ಅವರದ್ದೇ ಒಟಿಪಿ. ನಿಮ್ಮ ಆಫೀಸಿನ ಇಬ್ಬರನ್ನು ಹಾಗೆ ಸೇರಿಸಿ, ಒಬ್ಬರು ಬಿಟ್ಟು ಹೋದರೆ ಅವರದ್ದನ್ನು ಮಾತ್ರ ತೆಗೆದರೆ ಆಯಿತು.

ಜಿಎಸ್‌ಟಿ ಪೋರ್ಟಲಿನಲ್ಲಿ ಪಾರ್ಟಿಯ ನಂಬರೇ ಇರಬೇಕು. ಈಗ ನಿಮ್ಮ ನಂಬರ್ ಇರುವುದನ್ನು ನಿಧಾನಕ್ಕೆ ಬದಲಿಸಿ, ಲಾಗಿನ್ ಕೈಯಲ್ಲಿ ಇರುವಾಗ ಅದು ಕೂತಲ್ಲೇ ಆಗುವ ತಿದ್ದುಪಡಿ. ಲಾಗಿನ್ ಕೈತಪ್ಪಿದ ಮೇಲೆ ಪಾರ್ಟಿಯೇ ದಾಖಲೆ ಹಿಡಿದು ಅವರ ವ್ಯಾಪ್ತಿಯ ಟ್ಯಾಕ್ಸ್ ಆಫೀಸಿಗೆ ಹೋಗಿ ನಂಬರ್ ಬದಲಿಸಿಕೊಳ್ಳಬೇಕು. ಆಗುತ್ತದೆ, ಆದರೆ ಆ ತಿಂಗಳ 11 ತಪ್ಪುತ್ತದೆ.

ತಲಪಾಡಿ ಹುಡುಗ
ಪ್ರಾಕ್ಟಿಕಲ್ ಆಗಿ ಇದು ಆಗುವುದಿಲ್ಲ ಅಕ್ಕ. 11ರ ಸಂಜೆ 40 ಜನರಿಗೆ ಫೋನ್ ಮಾಡಿ ಒಟಿಪಿ ಹೇಳಿ ಅಂತ ಕೇಳುವುದಾ? ಅರ್ಧ ಜನ ಫೋನ್ ಎತ್ತುವುದಿಲ್ಲ, ಇನ್ನರ್ಧ ಜನ ಯಾವನೋ ಮೋಸದವನು ಅಂತ ಬಯ್ಯುತ್ತಾರೆ. ಆಫೀಸಿನ ಹೆಸರಲ್ಲಿ ಒಂದು ಸಿಮ್ ತೆಗೆದು ಡ್ರಾಯರಿನಲ್ಲಿ ಒಂದು ಫೋನಿಗೆ ಹಾಕಿಡಿ, ಎಲ್ಲ ಪಾರ್ಟಿಗೂ ಅದೇ ನಂಬರ್. ಮುಖ್ಯ ವ್ಯಕ್ತಿ ಅನ್ನುವ ಸಮಸ್ಯೆಯೇ ಇಲ್ಲ.

ಕಾಸರಗೋಡು ಅಕ್ಕ
ನೀನು ಹೇಳುವ ಕಷ್ಟ ನಿಜ ತಮ್ಮ. ಆದರೆ ಆ ಒಟಿಪಿ ಅಂದರೆ ಪಾರ್ಟಿಯ ಸಹಿ. 70 ಜನರ ಸಹಿ ಒಂದು ಡ್ರಾಯರಿನಲ್ಲಿ ಇದ್ದರೆ, ಆ ಫೋನ್ ಹೋದ ದಿನ 70 ಜನರ ಕೆಲಸ ಒಟ್ಟಿಗೇ ನಿಲ್ಲುತ್ತದೆ. ಬಳಸದ ಪ್ರೀಪೇಯ್ಡ್ ಸಿಮ್ ಆದರೆ ಇನ್ನೊಂದು ಅಪಾಯ, 90 ದಿನ ಸುಮ್ನೆ ಇಟ್ಟರೆ ಅದು ಬಂದ್ ಆಗಬಹುದು, ನಂಬರ್ ಬೇರೆಯವರಿಗೆ ಹೋಗಬಹುದು. ಆಫೀಸಿನ ಸಿಮ್ ಬೇಕು, ಆಫೀಸಿನದ್ದೇ ಲಾಗಿನ್‌ಗಳಿಗೆ. ಪಾರ್ಟಿಗಳದ್ದಕ್ಕೆ 10ರಂದೇ ಎಲ್ಲ ತಯಾರು ಮಾಡಿ, ಮರುದಿನ ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ನಮ್ಮ ಆಫೀಸಿನಿಂದಲೇ ಫೋನ್ ಬರುತ್ತದೆ ಅಂತ ಮೊದಲೇ ಹೇಳಿಟ್ಟರೆ ಹೆಚ್ಚಿನವರು ಎತ್ತುತ್ತಾರೆ.

ತಲಪಾಡಿ ಹುಡುಗ
ತೋಟದಲ್ಲಿ ಇರುವವರಿಗೆ ರೇಂಜ್ ಸಿಗಬೇಕಲ್ಲ. ನಾನು ಒಪ್ಪುವುದಿಲ್ಲ, ಇರಲಿ.

ಕಾಸರಗೋಡು ಅಕ್ಕ
ಇರಲಿ. ಈಗ ಯಜಮಾನರ ಭಾಗ. ಅಣ್ಣ, ನಿಮ್ಮ ಕರೆಂಟ್ ಅಕೌಂಟಿಗೆ ಇನ್ನೊಬ್ಬರು ಸಹಿ ಹಾಕಬಹುದು ಅಂತ ಬ್ಯಾಂಕಿನಲ್ಲಿ ಈಗಲೇ ಬರೆದುಕೊಡಿ, ಪವರ್ ಆಫ್ ಅಟಾರ್ನಿ ಬೇಕಾದರೆ ಅದನ್ನೂ ಈಗಲೇ ಮಾಡಿ. ನೀವು ಆಸ್ಪತ್ರೆಯಲ್ಲಿ ಇರುವಾಗ ಸಂಬಳಕ್ಕೂ ಬಾಡಿಗೆಗೂ ಅದು ಉಪಯೋಗಕ್ಕೆ ಬರುತ್ತದೆ. ಪ್ರಜ್ಞೆಯೇ ಇಲ್ಲದ ಸ್ಥಿತಿಗೆ ಅದು ನಡೆಯುತ್ತದಾ ಅಂತ ನಿಮ್ಮ ವಕೀಲರ ಹತ್ತಿರ ಕೇಳಿಕೊಳ್ಳಿ. ತೀರಿಹೋದರೆ ಮಾತ್ರ ಆ ಅಧಿಕಾರ ಅದೇ ಕ್ಷಣ ಮುಗಿಯಿತು. ನಾಮಿನಿಗೆ ಖಾತೆಯ ದುಡ್ಡು ಸಿಗುತ್ತದೆ, ವ್ಯವಹಾರ ನಡೆಸುವ ಹಕ್ಕು ಅದರಿಂದ ಬರುವುದಿಲ್ಲ. ನಿಮ್ಮ ಜಿಎಸ್‌ಟಿ ನಂಬರ್ ನಿಮ್ಮ ಪ್ಯಾನ್ ಮೇಲೆ ನಿಂತಿರುವುದು, ಹಾಗಾಗಿ ವಾರಸುದಾರರು ಹೊಸ ನಂಬರ್ ತೆಗೆಯಬೇಕು, ಹಳೆಯದರಲ್ಲಿ ಉಳಿದ ಕ್ರೆಡಿಟನ್ನು ಐಟಿಸಿ-02 ಹಾಕಿ ಹೊಸದಕ್ಕೆ ತರಬೇಕು. ಇದು ನಿಮಗೆ ಗೊತ್ತಿರುವುದೇ, ಆದರೆ ನಿಮ್ಮ ಮನೆಯವರಿಗೆ ಗೊತ್ತಾ?

ಪಾಲುದಾರಿಕೆ ಮಾಡಿದರೆ ಆಗುತ್ತದಲ್ಲ ಅಂತ ಕೇಳುತ್ತೀರಿ. 1932ರ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಹೋದರೆ ಫರ್ಮೇ ವಿಸರ್ಜನೆ. ಇಬ್ಬರೇ ಇದ್ದು ಒಬ್ಬರು ಹೋದರೆ ಕರಾರು ಇದ್ದೂ ಪ್ರಯೋಜನ ಇಲ್ಲ, ಒಬ್ಬರೇ ಪಾಲುದಾರಿಕೆ ಆಗುವುದಿಲ್ಲವಲ್ಲ. ಕನಿಷ್ಠ ಮೂವರು ಬೇಕು.

ಬದಿಯಡ್ಕ ಲೆಕ್ಕ
ಮನೆಯವಳಿಗೆ ಗೊತ್ತಿಲ್ಲ. ಈ ಪುಟವನ್ನು ಪಾರ್ಟಿಗೆ ಕೊಡುವ ಮೊದಲು ಮನೆಗೆ ಕೊಡಬೇಕು ಅಂತ ಕಾಣುತ್ತದೆ.

ಡೇಟಾದ ಬಗ್ಗೆ: ಟ್ಯಾಲಿ ಮೆಷಿನಿಗೆ ಒಂದು ಹೊರಗಿನ ಹಾರ್ಡ್‌ಡಿಸ್ಕ್ ಸಿಕ್ಕಿಸಿದೆ, ಸಂಜೆ ಕಾಪಿ ಆಗುತ್ತದೆ. ಇದಕ್ಕಿಂತ ಹೆಚ್ಚು ಬೇಕಾ?

ತಲಪಾಡಿ ಹುಡುಗ
ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್ ಒಳಗೆ ಇಟ್ಟುಬಿಡಿ. ಎಂಟ್ರಿ ಹಾಕಿದ ಹಾಗೆ ಮೇಲೆ ಹೋಗುತ್ತದೆ. ಬ್ಯಾಕಪ್ ಅಂತ ನೆನಪಿಡುವುದೇ ಬೇಡ.

ಉಪ್ಪಳ ಸರ್ವಿಸ್
ಅಯ್ಯೋ ಬೇಡ. ಟ್ಯಾಲಿ ಓಪನ್ ಇರುವಾಗ ಫೈಲುಗಳು ಬದಲಾಗುತ್ತಲೇ ಇರುತ್ತವೆ, ಡ್ರೈವ್ ಒಂದು ಫೈಲನ್ನು ಈಗಿನದ್ದು ಇನ್ನೊಂದನ್ನು ಹಿಂದಿನದ್ದು ಅಂತ ಮೇಲೆ ಹಾಕಿದರೆ ಆ ಎರಡು ಒಂದಕ್ಕೊಂದು ಹೊಂದುವುದಿಲ್ಲ. ಇನ್ನೊಂದು, ಇಲ್ಲಿ ವೈರಸ್ ಬಂದು ಫೈಲುಗಳನ್ನು ಲಾಕ್ ಮಾಡಿದರೆ ಲಾಕ್ ಆದದ್ದೇ ನಿಷ್ಠೆಯಿಂದ ಮೇಲೆ ಹೋಗುತ್ತದೆ. ಹಳೆಯ ಆವೃತ್ತಿ 30 ದಿನ ಸಿಗುತ್ತದೆ ನಿಜ, ಆದರೆ ಸಾವಿರ ಫೈಲನ್ನು ಒಂದೊಂದಾಗಿ ಹಿಂದಕ್ಕೆ ತರುವುದು ಕೂತು ನೋಡಿದವರಿಗೇ ಗೊತ್ತು. ಟ್ಯಾಲಿ ಕ್ಲೋಸ್ ಮಾಡಿ ಜಿಪ್ ಮಾಡಿದ ಕಾಪಿಯನ್ನು ಮೇಲೆ ಹಾಕಿ, ಅದು ಒಳ್ಳೆಯದು.

ಅಣ್ಣ, ನಿಮ್ಮ ಹೊರಗಿನ ಡಿಸ್ಕ್ ಯಾವಾಗಲೂ ಸಿಕ್ಕಿಸಿಯೇ ಇದ್ದರೆ ಅದು ಬ್ಯಾಕಪ್ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಹತ್ತಿರ ಬಂದ ಒಂದು ಆಫೀಸಿನಲ್ಲಿ ಮೆಷಿನೂ ಡಿಸ್ಕೂ ಒಟ್ಟಿಗೇ ಲಾಕ್ ಆಗಿತ್ತು, ಸಿಡಿಲಿಗೂ ಹಾಗೇ ಎರಡೂ ಒಟ್ಟಿಗೆ ಹೋಗುತ್ತವೆ. ಎರಡು ಡಿಸ್ಕ್ ತೆಗೆದುಕೊಳ್ಳಿ. ಸೋಮ, ಬುಧ, ಶುಕ್ರ ಒಂದು, ಉಳಿದ ದಿನ ಇನ್ನೊಂದು. ಕಾಪಿ ಆದ ಕೂಡಲೇ ತೆಗೆದು ಒಂದನ್ನು ಮನೆಗೆ ಒಯ್ಯಿರಿ. ವಾರದ ಪ್ರತಿ ದಿನಕ್ಕೆ ಬೇರೆ ಫೋಲ್ಡರ್. ಮಂಗಳವಾರದ್ದು ಹೀಗೆ:

```
robocopy "D:\TallyData" "E:\BK\Tue" /E /R:2 /W:5 /LOG:E:\BK\Tue.txt
```

ನೆಟ್ಟಲ್ಲಿ ಹೆಚ್ಚಿನವರು /E ಜಾಗದಲ್ಲಿ /MIR ಹಾಕಿ ಅನ್ನುತ್ತಾರೆ. ಅದು ಹಾಕಿದರೆ ಮೂಲದಲ್ಲಿ ಅಳಿದದ್ದು ಕಾಪಿಯಲ್ಲೂ ಅಳಿಯುತ್ತದೆ. ಸಣ್ಣ ಆಫೀಸಿಗೆ ಬೇಡ.

ಕಾಸರಗೋಡು ಅಕ್ಕ
ಉಪ್ಪಳದವರು ಹೇಳಿದ್ದು ಸರಿ. ನಾನು ಹೆಚ್ಚಾಗಿ ನೋಡುವ ತೊಂದರೆ ಇನ್ನೊಂದು. ಬ್ಯಾಕಪ್ ದಿನಾ ನಡೆಯುತ್ತದೆ, ಲಾಗ್‌ನಲ್ಲಿ ಎಲ್ಲ ಸರಿ ಅಂತ ಇದೆ, ಆದರೆ ಯಾರೋ ಟ್ಯಾಲಿಯ ಡೇಟಾ ಪಾತ್ ಬದಲಿಸಿರುತ್ತಾರೆ, ಬ್ಯಾಕಪ್ ಹಳೆ ಫೋಲ್ಡರನ್ನೇ ಹಿಡಿದುಕೊಂಡಿರುತ್ತದೆ. ಲಾಗ್ ನೋಡಿ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಕಾಪಿಯನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿ ಒಬ್ಬ ಪಾರ್ಟಿಯ ಕಂಪನಿ ತೆರೆಯಿರಿ. ಕೊನೆಯ ವೋಚರ್ ಯಾವ ತಾರೀಕಿನದ್ದು ನೋಡಿ, ಅದೇ ತಾರೀಕಿನ ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ತಾಳೆ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಪಾರ್ಟಿಗೆ ಕೊಡುವ ಪುಟದಲ್ಲಿ ‘ಇಷ್ಟು ಗಂಟೆಯಲ್ಲಿ ಮತ್ತೆ ಶುರು’ ಅಂತ ಬರೆಯುವ ಅಂಕೆ ಅದೇ.

ಆ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ ತೆರೆಯುವಾಗಲೇ ಮುಖ್ಯ ವ್ಯಕ್ತಿಯ ಕತೆ ಮತ್ತೆ ಬರುತ್ತದೆ. ಹೊಸ ಮೆಷಿನಿನಲ್ಲಿ ಲೈಸೆನ್ಸ್ ಹಾಕಲು ಅದಕ್ಕೆ ಕೊಟ್ಟ ಇಮೇಲಿಗೇ ಕೀ ಬರುವುದು. ಆ ಇಮೇಲ್ ಯಾರದ್ದು? ಯಾವ ಕಂಪನಿಗಾದರೂ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ, ಅದು ಮರೆತುಹೋದರೆ ಡೇಟಾ ಇದ್ದೂ ಇಲ್ಲದ ಹಾಗೆ, ತೆಗೆಯುವ ದಾರಿ ಇಲ್ಲ. ಇವನ್ನು ಕಾಗದದಲ್ಲಿ ಬರೆದು ಕವರಿಗೆ ಹಾಕಿ ಅಂಟಿಸಿ, ಮೇಲೆ ಸಹಿ ಹಾಕಿ ಬ್ಯಾಂಕ್ ಲಾಕರಿನಲ್ಲೋ ಮನೆಯ ಕಪಾಟಿನಲ್ಲೋ ಇಡಿ. ಪಾಸ್‌ವರ್ಡ್ ಬದಲಿಸಿದ ದಿನವೇ ಕವರ್ ಬದಲಿಸಬೇಕು. ಲಾಕರ್ ಆದರೆ ಅದೂ ಇಬ್ಬರ ಹೆಸರಲ್ಲಿ ಇರಲಿ.

ಬದಿಯಡ್ಕ ಲೆಕ್ಕ
ಭಾನುವಾರ ಆಫೀಸಿನಲ್ಲಿ ಮೇನ್ ಸ್ವಿಚ್ ತೆಗೆದು ನೋಡಿದೆ. ಟ್ಯಾಲಿ ಮೆಷಿನ್, ಎರಡು ಲ್ಯಾಪ್‌ಟಾಪ್, ರೌಟರ್ ಮಾತ್ರ. ಎರಡು ಗಂಟೆ ಹತ್ತು ನಿಮಿಷಕ್ಕೆ ಇನ್ವರ್ಟರ್ ಕೂಗಿತು. ಐದು ಗಂಟೆ ಎಲ್ಲಿ ಹೋಯಿತು? ಬ್ಯಾಟರಿ 150 ಎಎಚ್, ನಾಲ್ಕನೇ ವರ್ಷ. ಮೋಡ್ ಸ್ವಿಚ್ ಯುಪಿಎಸ್‌ನಲ್ಲೇ ಇತ್ತು, ಅದು ಸಮಾಧಾನ. ಬ್ಯಾಕಪ್ ಲ್ಯಾಪ್‌ಟಾಪಿನಲ್ಲಿ ತೆರೆಯಿತು, ತಾಳೆ ಆಯಿತು, ಆದರೆ ಲೈಸೆನ್ಸ್ ಇಮೇಲ್ ನಮಗೆ ಟ್ಯಾಲಿ ಹಾಕಿಕೊಟ್ಟವರದ್ದು ಅಂತ ಗೊತ್ತಾಯಿತು. ಅವರು ಈಗ ಗಲ್ಫಿನಲ್ಲಿ ಇದ್ದಾರೆ.

ಪಾರ್ಟಿಗೆ ಕೊಡುವ ಪುಟದಲ್ಲಿ ಸದ್ಯಕ್ಕೆ ‘ಕರೆಂಟಿಲ್ಲದೆ ಎರಡು ಗಂಟೆ, ಆಮೇಲೆ ಅಡ್ಯನಡ್ಕ’ ಅಂತ ಬರೆದಿದ್ದೇನೆ.

ಬ್ಯಾಟರಿ ಅಂಗಡಿ, ಮುಳ್ಳೇರಿಯ
ಡಿಸ್ಟಿಲ್ಡ್ ವಾಟರ್ ಕೊನೆಗೆ ಹಾಕಿದ್ದು ಯಾವಾಗ? ಪ್ಲೇಟ್ ಮೇಲೆ ನೀರಿಲ್ಲದಿದ್ದರೆ ಹೀಗೇ ಆಗುತ್ತದೆ. ಮೊದಲು ಮಟ್ಟ ನೋಡಿ, ತುಂಬಿಸಿ ಒಂದು ದಿನ ಪೂರ್ತಿ ಚಾರ್ಜ್ ಆಗಲಿ, ಮತ್ತೊಮ್ಮೆ ಸ್ವಿಚ್ ತೆಗೆದು ನೋಡಿ. ಆಗಲೂ ಎರಡೇ ಗಂಟೆ ಅಂದರೆ ಹೈಡ್ರೋಮೀಟರ್ ಹಿಡಿದು ಆರೂ ಸೆಲ್ ನೋಡಬೇಕು, ಒಂದು ಸೆಲ್ ಉಳಿದವಕ್ಕಿಂತ ತುಂಬ ಕಡಿಮೆ ತೋರಿಸಿದರೆ ಬ್ಯಾಟರಿ ಬದಲಿಸುವುದೇ. ಅಲ್ಲಿಯವರೆಗೆ ಹೊಸದು ಕೊಳ್ಳಬೇಡಿ, ನಾನೇ ಹೇಳುತ್ತಿದ್ದೇನೆ.

ಪೆರ್ಲ ಸರ್ವೆ
ಅಡ್ಯನಡ್ಕದಲ್ಲಿ ಭಾವನ ಮನೆಯ ರೌಟರ್ ಇನ್ವರ್ಟರಿನಲ್ಲಿ ಇದೆಯಾ ಅಂತಲೂ ಕೇಳಿಡಿ ಅಣ್ಣ.